ಜಿಸಿ ಇದ್ದರೂ ಮೆಮೊರಿ ಸೋರುತ್ತದೆ

"ಜಾವಾ, ಸಿ ಶಾರ್ಪ್‌ನಲ್ಲಿ ಮೆಮೊರಿ ಲೀಕ್ ಆಗೋದೇ ಇಲ್ಲ. ಮೆಮೊರಿ ಏರಿದ್ರೆ `System.gc()` ಕರೆದರೆ ಸಾಕು." ಫಾರ್ವರ್ಡ್ ಆಗುತ್ತಲೇ ಇರುವ ಮಾತಿದು.

ಇದು ತಪ್ಪು, ಆದರೆ ಹಾಗೆ ನಂಬುವುದು ಸಹಜ. ಜಿಸಿ ಅಂದರೆ ಮೆಮೊರಿಯನ್ನು ತಾನೇ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್. ಅದು ತೆಗೆಯುವುದು ಸ್ಟ್ಯಾಟಿಕ್ ವೇರಿಯಬಲ್‌ನಂಥ ಯಾವ ರೂಟ್‌ನಿಂದಲೂ ತಲುಪಲಾಗದ ಆಬ್ಜೆಕ್ಟ್‌ಗಳನ್ನು ಮಾತ್ರ. ನಮಗೆ ಬೇಡವಾದದ್ದು ಯಾವುದೆಂದು ಅದಕ್ಕೆ ತಿಳಿಯದು.

ಸ್ಟ್ಯಾಟಿಕ್ `HashMap` ಒಂದಕ್ಕೆ ಪ್ರತಿ ಲಾಗಿನ್‌ನಲ್ಲೂ ಸೆಷನ್ ಸೇರಿಸಿ, ಲಾಗೌಟ್‌ನಲ್ಲಿ ತೆಗೆಯದೆ ಬಿಟ್ಟಿದ್ದೀರಿ ಎನ್ನಿ. ಆ ಸೆಷನ್‌ಗಳು ಕೆಲವು ಯಂಗ್ ಕಲೆಕ್ಷನ್ ದಾಟಿ ಓಲ್ಡ್ ಜನರೇಷನ್‌ಗೆ ಹೋಗುತ್ತವೆ. ಮ್ಯಾಪ್ ಹಿಡಿದಿರುವ ತನಕ ಫುಲ್ ಜಿಸಿಯೂ ಅವನ್ನು ಮುಟ್ಟದು. ಸಿ ಶಾರ್ಪ್‌ನಲ್ಲಿ `+=` ಮಾಡಿ `-=` ಮರೆತ ಈವೆಂಟ್ ಹ್ಯಾಂಡ್ಲರ್‌ಗಳು ಹೀಗೆಯೇ ಜನರೇಷನ್ 2ರಲ್ಲಿ ಉಳಿಯುತ್ತವೆ. ಈವೆಂಟ್ ಹೊರಡಿಸುವ ಆಬ್ಜೆಕ್ಟ್ ದೀರ್ಘಕಾಲ ಬದುಕಿದ್ದರೆ ಮಾತ್ರ.

ನೀವೇ ಪರೀಕ್ಷಿಸಿ. ಲೋಡ್ ಒಂದೇ ರೀತಿ ಇರುವಾಗ, ಅರ್ಧ ಗಂಟೆ ಬಿಟ್ಟು ಎರಡು ಸಲ:

```
jcmd <pid> GC.class_histogram
```

ಇದು ಮೊದಲು ಫುಲ್ ಜಿಸಿ ಮಾಡಿಸಿ, ಉಳಿದದ್ದನ್ನು ಎಣಿಸುತ್ತದೆ. ಹಾಗಾಗಿ ಆ್ಯಪ್ ಕ್ಷಣಕಾಲ ನಿಲ್ಲಬಹುದು. ದಟ್ಟಣೆಯ ಹೊತ್ತಲ್ಲಿ ಬೇಡ. ನಿಮ್ಮದೇ ಕ್ಲಾಸೊಂದರ ಎಣಿಕೆ ಪ್ರತಿ ಸಲವೂ ಏರುತ್ತಿದ್ದರೆ ಹೀಪ್ ಡಂಪ್ ತೆಗೆದು, ಅದನ್ನು ಯಾವ ರೂಟ್ ಹಿಡಿದಿದೆ ಎಂದು ನೋಡಿ. ಡಾಟ್‌ನೆಟ್‌ನಲ್ಲಿ ಇದೇ ಕೆಲಸಕ್ಕೆ `dotnet-gcdump` ಇದೆ.