ತುಪ್ಪಕ್ಕಿಂತ ಮೊದಲಿನ ಒಂದೂವರೆ ನಿಮಿಷ

ಹೋಳಿಗೆ ಮಾಡಲು ಬಂದವರಿಗೆ ಆಲೂ ಪರಾಠ ಯಾವ ಲೆಕ್ಕ ಎಂದು ನಾನು ಬಹುಕಾಲ ನಂಬಿದ್ದೆ. ಅಲ್ಲಿಯೂ ಕಣಕ, ಇಲ್ಲಿಯೂ ಕಣಕ. ಅಲ್ಲಿ ಬೇಳೆಬೆಲ್ಲದ ಹೂರಣ, ಇಲ್ಲಿ ಆಲೂಗಡ್ಡೆಯದು. ಉಂಡೆಯೊಳಗೆ ಉಂಡೆಯನ್ನಿಟ್ಟು ಬಾಯಿ ಕಟ್ಟುವ ಕೆಲಸದಲ್ಲಿ ಏನೂ ಭೇದವಿಲ್ಲ. ಈ ನಂಬಿಕೆ ಮುರಿದದ್ದು ದೆಹಲಿಯ ಮುನಿರ್ಕಾದ ಬಾಡಿಗೆ ಮನೆಯಲ್ಲಿ, ಕೈ ತೊಳೆದರೆ ಬೆರಳು ಮರಗಟ್ಟುವಂಥ ಜನವರಿಯ ಒಂದು ಬೆಳಿಗ್ಗೆ. ತವಾದ ಮೇಲೆ ಹಾಕಿದ ಪರಾಠ ನಿಮಿಷದೊಳಗೆ ಒಂದು ಮೂಲೆಯಿಂದ ಸುಯ್ಯೆಂದು ಆವಿ ಬಿಟ್ಟಿತು. ಆವಿಯ ಹಿಂದೆಯೇ ಹೂರಣವೂ ಹೊರಗೆ ಬಂದು ಕಬ್ಬಿಣಕ್ಕೆ ಹತ್ತಿಕೊಂಡಿತು. ಬಿಡಿಸಲು ಹೋದ ಸಟ್ಟುಗದ ಹೊಡೆತಕ್ಕೆ ಉಳಿದ ಭಾಗವೂ ಹರಿಯಿತು. ಎರಡನೆಯದರ ಗತಿಯೂ ಅದೇ ಆಯಿತು. ಮೂರನೆಯದನ್ನು ನಾನು ಹಾಕಲೇ ಇಲ್ಲ.

ವಾಸನೆಗೋ ಹೊಗೆಗೋ ಮೇಲಿನ ಮನೆಯ ಪಂಜಾಬಿ ಆಂಟಿ ಇಳಿದು ಬಂದರು. ತವಾದ ಮೇಲಿನ ಅವಶೇಷವನ್ನೂ ಪಕ್ಕದಲ್ಲಿ ಕಾಯುತ್ತಿದ್ದ ಉಂಡೆಗಳನ್ನೂ ನೋಡಿದರು, ಒಂದು ಉಂಡೆಯನ್ನು ಎತ್ತಿ ಬಾಯಿ ಕಟ್ಟಿದ ಕಡೆಯನ್ನು ಹೆಬ್ಬೆರಳಿನಿಂದ ಒತ್ತಿದರು. "ನೀನು ಸರಿಯಾಗಿಯೇ ಮುಚ್ಚಿದ್ದೀಯ ಬೇಟಾ. ತವಾ ಮುಚ್ಚಲಿಲ್ಲ" ಎಂದರು. ಆ ಮಾತಿನ ಅರ್ಥ ನನಗೆ ಆಗ ತಿಳಿಯಲಿಲ್ಲ. ಆ ಚಳಿಗಾಲವೆಲ್ಲ ಭಾನುವಾರಗಳಂದು ಅವರ ಒಲೆಯ ಪಕ್ಕದಲ್ಲಿ ನಿಂತ ಮೇಲೆ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು.

ಹೋಳಿಗೆಯ ಹೂರಣ ಬೆಲ್ಲದ ಜೊತೆ ಕುದಿದು, ನೀರಾರಿ, ಒಲೆಯ ಮೇಲೆಯೇ ಗಟ್ಟಿಯಾದದ್ದು. ಅದರ ಕಣಕವೋ ಎಣ್ಣೆಯಲ್ಲಿ ಗಂಟೆಗಟ್ಟಲೆ ನೆನೆದು ರಬ್ಬರಿನಂತೆ ಹಿಗ್ಗುವಂಥದ್ದು. ಆಲೂಗಡ್ಡೆಯಾದರೆ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಅದನ್ನು ಒಳಗಿಟ್ಟುಕೊಂಡ ಗೋಧಿ ಹಿಟ್ಟಿನ ಕಣಕದಲ್ಲಿ ತೌಡು ಇರುವುದರಿಂದ ಅಷ್ಟು ಹಿಗ್ಗುವ ಶಕ್ತಿಯೂ ಇಲ್ಲ. ಕಾದ ತವಾದ ಮೇಲೆ ಈ ನೀರು ಆವಿಯಾಗಲೇಬೇಕು, ಆವಿಯಾದ ಮೇಲೆ ಸಾವಿರ ಪಟ್ಟಿಗೂ ಮೀರಿ ಜಾಗ ಕೇಳಲೇಬೇಕು. ಪರಾಠವನ್ನು ಒಳಗಿನಿಂದ ಬೇಯಿಸಿ ಪೂರಿಯಂತೆ ಉಬ್ಬಿಸುವುದು ಈ ಆವಿಯೇ, ಹರಿದು ಹಾಕುವುದೂ ಇದೇ. ಹೊರಗಿನ ಎರಡೂ ಮುಖಗಳು ಗಟ್ಟಿಯಾಗುವ ಮೊದಲೇ ಆವಿ ಎದ್ದಿತೋ, ಹಸಿಯಾಗಿ ಉಳಿದ ಕಡೆ ದಾರಿ ಮಾಡಿಕೊಂಡು ಹೊರಡುತ್ತದೆ. ಬೆರಳು ಮಾಡಿದ ಬೆಸುಗೆ ತಾತ್ಕಾಲಿಕವಾದದ್ದು; ಹಿಟ್ಟಿನ ಪಿಷ್ಟ 65 ಡಿಗ್ರಿಯ ಆಸುಪಾಸಿನಲ್ಲಿ ನೀರು ಹೀರಿ ಊದಿಕೊಂಡು, ಅದರ ಬೆನ್ನಿಗೇ ಅಂಟು ಗಟ್ಟಿಯಾದಾಗಲೇ ಅದು ನಿಜವಾದ ಬೆಸುಗೆಯಾಗುವುದು. ಆಂಟಿ ಹೇಳಿದ್ದು ಇದನ್ನೇ.

ಆದುದರಿಂದ ಉರಿಯ ಮಾತು ಮೊದಲು ಬರಬೇಕು. ಅವರ ತವಾ ದಪ್ಪ ಕಬ್ಬಿಣದ್ದು, ನಡುವೆ ತುಸು ತಗ್ಗಾದದ್ದು. ಮಧ್ಯಮ ಉರಿಯಲ್ಲಿ ಐದು ನಿಮಿಷ ಕಾಯಲು ಬಿಟ್ಟು, ಅದರ ಮೇಲೆ ಒಂದು ಚಿಟಿಕೆ ಒಣಹಿಟ್ಟನ್ನು ಉದುರಿಸಿ ಒಂದರಿಂದ ಹತ್ತರವರೆಗೆ ಎಣಿಸುತ್ತಿದ್ದರು. ಎಣಿಕೆ ಮುಗಿಯುವ ಹೊತ್ತಿಗೆ ಹಿಟ್ಟು ಬಿಸ್ಕತ್ತಿನ ಬಣ್ಣಕ್ಕೆ ಬಂದರೆ ಹದ. ಹಾಕಿದ ಕೂಡಲೇ ಕಪ್ಪಾಗಿ ಹೊಗೆಯಾಡಿದರೆ ಉರಿ ಹೆಚ್ಚು, ಬೆಳ್ಳಗೇ ಉಳಿದರೆ ಇನ್ನೂ ಕಾಯಬೇಕು. ತಣ್ಣನೆಯ ತವಾ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅನುಭವ. ಅತಿಯಾಗಿ ಕಾದದ್ದು ಮೇಲೆ ಕಪ್ಪು ಚುಕ್ಕೆ ಹಾಕಿ, ಒಳಗೆ ಹಿಟ್ಟನ್ನು ಹಸಿಯಾಗಿ ಬಿಟ್ಟು ತನ್ನ ತಪ್ಪನ್ನು ಬೇಗ ಒಪ್ಪಿಕೊಳ್ಳುತ್ತದೆ. ತಣ್ಣನೆಯದಾದರೆ ಪರಾಠವನ್ನು ಎರಡು ಮೂರು ನಿಮಿಷ ಸುಮ್ಮನೆ ಕೂರಿಸಿ ಒಣಗಿಸುತ್ತದೆ, ಅಷ್ಟರಲ್ಲಿ ಹೂರಣದ ತೇವ ಹಸಿ ಹಿಟ್ಟಿಗೆ ಇಳಿದು ಅದನ್ನು ಮೆತ್ತಗಾಗಿಸಿರುತ್ತದೆ, ಮಗುಚಲು ಹೋದಾಗ ಅಲ್ಲಿಯೇ ಹರಿಯುತ್ತದೆ. ಹರಿಯದೆ ಉಳಿದದ್ದೂ ಹಪ್ಪಳದಂತೆ ಬಿರುಸಾಗಿರುತ್ತದೆ.

ಇಲ್ಲಿ ಒಂದು ಸಣ್ಣ ಮೋಸವಿದೆ. ನಾವು ಮುಂದಿನ ಪರಾಠವನ್ನು ಲಟ್ಟಿಸುತ್ತಿರುವಾಗ ಖಾಲಿ ತವಾ ಸುಮ್ಮನಿರುವುದಿಲ್ಲ. ಅದು ಕಾಯುತ್ತಲೇ ಇರುತ್ತದೆ. ಮೊದಲನೆಯದು ಹದವಾಗಿ ಬಂದು, ಮೂರನೆಯದು ಕರಕಲಾಗುವುದು ಇದರಿಂದ. ಒಂದು ಪರಾಠ ಕೊನೆಯ ಮಗ್ಗುಲಲ್ಲಿರುವಾಗಲೇ ಮುಂದಿನದನ್ನು ಲಟ್ಟಿಸಿ ಮುಗಿಸಬೇಕು, ಅಷ್ಟು ಕೈಚಳಕವಿಲ್ಲದವರು ತವಾ ಖಾಲಿಯಾದ ಕೂಡಲೇ ಉರಿಯನ್ನು ತಗ್ಗಿಸಬೇಕು. ನಾನು ಎರಡನೆಯ ಪಂಗಡಕ್ಕೆ ಸೇರಿದವರ ಪೈಕಿ.

ಇನ್ನು ಮಗುಚುವ ಹೊತ್ತು. ನಾನು ಮಾಡುತ್ತಿದ್ದ ತಪ್ಪೆಂದರೆ, ದೋಸೆಯ ರೂಢಿಯಲ್ಲಿ, ಕೆಳಮುಖ ಚೆನ್ನಾಗಿ ಕೆಂಪಗಾಗಲಿ ಎಂದು ಕಾಯುತ್ತಿದ್ದದ್ದು. ಆಂಟಿ ಮೊದಲ ಸಲ ಮಗುಚುತ್ತಿದ್ದುದು 25–30 ಸೆಕೆಂಡಿಗೆ. ಆಗ ಕೆಳಗೆ ಒಂದು ಕಂದು ಚುಕ್ಕೆಯೂ ಇರುತ್ತಿರಲಿಲ್ಲ. ಅವರು ನೋಡುತ್ತಿದ್ದುದು ಮೇಲ್ಮುಖವನ್ನು: ಹಸಿ ಹಿಟ್ಟಿನ ತೇವದ ಹೊಳಪು ಮಾಸಿ, ಬಣ್ಣ ತುಸು ಗಾಢವಾಗಿ, ಅಲ್ಲಲ್ಲಿ ಬಟಾಣಿಯಷ್ಟು ದೊಡ್ಡ ಗುಳ್ಳೆ ಎರಡು ಮೂರು ಎದ್ದವೆಂದರೆ ಸಾಕು. ಅಷ್ಟರಲ್ಲಿ ಕೆಳಗೆ ತೆಳುವಾದ ಒಂದು ಚರ್ಮ ಕಟ್ಟಿರುತ್ತದೆ, ಒಳಗಿನ ಹೂರಣಕ್ಕೆ ಬಿಸಿ ಇನ್ನೂ ಸರಿಯಾಗಿ ತಾಗಿರುವುದಿಲ್ಲ. ಆವಿ ಏಳುವ ಮೊದಲು ಎರಡೂ ಮುಖಗಳಿಗೆ ಚರ್ಮ ಕಟ್ಟಿಸಿಬಿಡುವುದೇ ಈ ಅವಸರದ ಗುಟ್ಟು. ಎರಡನೆಯ ಮುಖಕ್ಕೆ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಬೇಕು. ಇಲ್ಲಿ ಕಂದು ಚುಕ್ಕೆಗಳು ಮೂಡಬೇಕು, ಪರಾಠ ತವಾದ ಮೇಲೆ ಸಲೀಸಾಗಿ ಜಾರಬೇಕು. ಉಂಡೆಯ ಗಂಟು ಇದ್ದ ಮುಖವನ್ನೇ ಅವರು ಮೊದಲು ತವಾಕ್ಕೆ ಹಾಕುತ್ತಿದ್ದರು. ಎಲ್ಲಕ್ಕಿಂತ ದುರ್ಬಲವಾದ ಜಾಗಕ್ಕೆ ಎಲ್ಲಕ್ಕಿಂತ ಮೊದಲು ಬಿಸಿ ಸಿಗಲಿ ಎಂಬ ನ್ಯಾಯ.

ಇಷ್ಟು ಹೊತ್ತಿನವರೆಗೆ ತುಪ್ಪದ ಸುದ್ದಿಯೇ ಇಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಷ್ಟವಾಯಿತು. ತುಪ್ಪದ ಡಬ್ಬಿ ಕೈಗೆಟಕುವ ಹಾಗಿರುವಾಗ ತವಾಕ್ಕೆ ಮೊದಲೇ ಒಂದು ಚಮಚ ಸುರಿಯದೆ ಇರುವುದು ನಮ್ಮ ಸಂಸ್ಕಾರಕ್ಕೆ ಒಗ್ಗುವುದಿಲ್ಲ. ಆದರೆ ಲಚ್ಛಾ ಪರಾಠದ ಪದರಗಳು ಬಿಡಿಬಿಡಿಯಾಗಿ ಏಳುವುದು ಏತರಿಂದ ಎಂದು ಯೋಚಿಸಿದಾಗ ಉತ್ತರ ತಾನೇ ಸಿಕ್ಕಿತು. ಹಸಿ ಹಿಟ್ಟಿನ ಎರಡು ಪದರಗಳ ನಡುವೆ ಜಿಡ್ಡು ಹೊಕ್ಕರೆ ಅವು ಒಂದಕ್ಕೊಂದು ಅಂಟುವುದಿಲ್ಲ. ಅಲ್ಲಿ ಬೇಕೆಂದೇ ಮಾಡುವ ಉಪಾಯವನ್ನು ನಾನು ಇಲ್ಲಿ ಹೂರಣದ ಬಾಯಿಗೆ ಮಾಡುತ್ತಿದ್ದೆ. ಬೆಸೆಯದ ಮಡಿಕೆಗೆ ತುಪ್ಪ ಇಳಿಸಿ, ಅದನ್ನು ಬಿಚ್ಚಿಕೊಳ್ಳುವಂತೆ ನಾನೇ ಪ್ರೋತ್ಸಾಹಿಸುತ್ತಿದ್ದೆ. ಎರಡೂ ಮುಖ ಒಣ ಬಿಸಿಯಲ್ಲಿ ಕಟ್ಟಿದ ಮೇಲೆ ಮತ್ತೊಮ್ಮೆ ಮಗುಚಿ, ಮೇಲೆ ಅರ್ಧ ಚಮಚ ತುಪ್ಪ ಸವರಿ, ಅಂಚಿನ ಸುತ್ತ ಒಂದು ಗೆರೆ ಬಿಟ್ಟು, ಆ ಮುಖವನ್ನು ಕೆಳಗೆ ಮಾಡಿ ಇನ್ನೊಂದಕ್ಕೂ ಅಷ್ಟೇ ಸವರಬೇಕು. ತುಪ್ಪದಲ್ಲಿ ಒಂದೊಂದು ಮಗ್ಗುಲಿಗೆ ಅರ್ಧ ನಿಮಿಷ ಸಾಕು. ಹಾಕಿದಲ್ಲಿಂದ ತೆಗೆಯುವವರೆಗೆ ಎಲ್ಲ ಸೇರಿ ಮೂರು ನಿಮಿಷದೊಳಗೆ ಮುಗಿಯುತ್ತದೆ. ಬೆಣ್ಣೆಯನ್ನು ತವಾಕ್ಕೆ ತರಬಾರದು. ಅದರಲ್ಲಿ ಆರರಲ್ಲೊಂದು ಪಾಲಿನಷ್ಟು ನೀರಿದೆ, ಅದರ ಹಾಲಿನ ಅಂಶ ಈ ಬಿಸಿಗೆ ಸೀದು ಕಹಿಯಾಗುತ್ತದೆ. ಕಾಯಿಸಿ ಸೋಸಿದ ತುಪ್ಪ ಸುಮಾರು 250 ಡಿಗ್ರಿಯವರೆಗೆ ತಡೆಯುತ್ತದೆ. ಬಿಳಿ ಬೆಣ್ಣೆಯ ಜಾಗ ತಟ್ಟೆಯಲ್ಲಿ, ಪರಾಠದ ನೆತ್ತಿಯ ಮೇಲೆ.

ತುಪ್ಪ ಬಿದ್ದ ಮೇಲೆ ಒತ್ತುವ ಆಸೆಯೂ ಬರುತ್ತದೆ. ಉಬ್ಬಿದ ನಡುಭಾಗವನ್ನು ಸಟ್ಟುಗದಿಂದ ಅದುಮಿದರೆ ಒಳಗಿನ ಆವಿ ಅಂಚಿಗೆ ನುಗ್ಗಿ ಅಲ್ಲಿ ಬಾಯಿ ತೆರೆಯುತ್ತದೆ. ಒತ್ತಬೇಕಾದದ್ದು ಅಂಚನ್ನು ಮಾತ್ರ, ಅದೂ ಪರಾಠವನ್ನು ನಿಧಾನವಾಗಿ ತಿರುಗಿಸುತ್ತ; ಹೂರಣ ತಲುಪದ ಅಂಚಿನ ಹಿಟ್ಟೇ ಕೊನೆಯವರೆಗೆ ಹಸಿಯಾಗಿ ಉಳಿಯುವುದು.

ತವಾದ ಕಡೆಯ ಈ ಶಿಸ್ತೆಲ್ಲ ಮಣೆಯ ಮೇಲೆ ಕೆಟ್ಟದ್ದನ್ನು ಸರಿಪಡಿಸಲಾರದು ಎಂಬುದನ್ನೂ ಹೇಳಬೇಕು. ಎರಡು ಬಟ್ಟಲು ಹಿಟ್ಟು, ಅಂದರೆ ಸುಮಾರು 250 ಗ್ರಾಂಗೆ 160 ಮಿಲಿಲೀಟರ್ ನೀರು ಹಾಕಿ ಮೆತ್ತಗೆ ನಾದಿ, ಅರ್ಧ ಗಂಟೆ ಮುಚ್ಚಿಟ್ಟರೆ ಆರು ಪರಾಠಕ್ಕೆ ಕಣಕವಾಗುತ್ತದೆ. ಮೂರು ಮಧ್ಯಮ ಗಾತ್ರದ ಆಲೂಗಡ್ಡೆ ಹೂರಣಕ್ಕೆ ಸಾಕು. ಆಲೂಗಡ್ಡೆಯನ್ನು ಸಿಪ್ಪೆಯೊಡನೆ ಬೇಯಿಸಿ, ಪೂರ್ತಿ ಆರಿದ ಮೇಲೆ ತುರಿಯಬೇಕು, ಬಿಸಿಯಾಗಿದ್ದಾಗ ಕಿವುಚಿದರೆ ಅಂಟಾಗುತ್ತದೆ. ಕಣಕವೂ ಹೂರಣವೂ ಬೆರಳಿಗೆ ಒಂದೇ ಮೆದುವಾಗಿ ಸಿಗಬೇಕು. ಒಂದು ಗಟ್ಟಿ, ಇನ್ನೊಂದು ಮೆತ್ತಗೆ ಇದ್ದರೆ ಲಟ್ಟಣಿಗೆಯ ಕೆಳಗೆ ಎರಡೂ ಒಂದೇ ವೇಗದಲ್ಲಿ ಹರಡುವುದಿಲ್ಲ. ಹಸಿಮೆಣಸಿನಕಾಯಿಯ ಒಂದೇ ಒಂದು ದಪ್ಪ ಚೂರು ಉಳಿದರೂ ಸಾಕು, ಲಟ್ಟಿಸುವಾಗ ಮುಳ್ಳಿನಂತೆ ಚುಚ್ಚಿ ತೂತು ಮಾಡುತ್ತದೆ. ಉಪ್ಪು ಎಲ್ಲಕ್ಕಿಂತ ಕೊನೆಗೆ ಬೀಳಬೇಕು, ಏಕೆಂದರೆ ಅದು ನೀರನ್ನು ಹೊರಗೆಳೆಯುತ್ತದೆ. ಮೂಲಂಗಿಯ ಪರಾಠದಲ್ಲಿ ಈ ನೀರೇ ದೊಡ್ಡ ಶತ್ರು. ಅಲ್ಲಿ ತುರಿಗೆ ಮೊದಲೇ ಉಪ್ಪು ಬೆರೆಸಿ, ಕಾಲು ಗಂಟೆ ಬಿಟ್ಟು, ಬಟ್ಟೆಯಲ್ಲಿ ಹಿಂಡಿ, ಆ ನೀರಿನಲ್ಲಿಯೇ ಹಿಟ್ಟು ನಾದುವುದನ್ನು ಆಂಟಿ ತೋರಿಸಿದ್ದರು.

ದೆಹಲಿಯ ಕಡೆ ಪರಾಠಕ್ಕೆ ಹೆಸರಾದ ಎರಡು ಜಾಗಗಳಲ್ಲಿ ಈ ತವಾದ ಪಾಠ ಕೆಲಸಕ್ಕೆ ಬಾರದು ಎಂಬುದೊಂದು ತಮಾಷೆ. ಚಾಂದನಿ ಚೌಕದ ಪರಾಠೆವಾಲಿ ಗಲಿಯಲ್ಲಿ ಅದನ್ನು ಬಾಣಲೆಯ ತುಪ್ಪದಲ್ಲಿ ಮುಳುಗಿಸಿ ಕರಿಯುತ್ತಾರೆ. ಹರಿಯಾಣದ ಮುರ್ಥಲ್‌ನ ಢಾಬಾಗಳ ಹೆಸರು ತಂದೂರಿನಲ್ಲಿ ಸುಟ್ಟ ಪರಾಠಕ್ಕೆ. ಎರಡರಲ್ಲಿಯೂ ಬಿಸಿ ಸುತ್ತಲಿಂದ ಒಮ್ಮೆಗೇ ಬರುವುದರಿಂದ ಚರ್ಮವೂ ಒಮ್ಮೆಗೇ ಕಟ್ಟುತ್ತದೆ. ಒಂದು ಮುಖಕ್ಕೆ ಬಿಸಿ, ಇನ್ನೊಂದು ಮುಖಕ್ಕೆ ಬರಿಯ ಗಾಳಿ ಎಂಬ ಇಕ್ಕಟ್ಟು ಮನೆಯ ತವಾದ್ದು ಮಾತ್ರ.

ಇಷ್ಟೆಲ್ಲ ತಿಳಿದ ಮೇಲೂ ಆರರಲ್ಲಿ ಒಂದು ಒಡೆಯುತ್ತದೆ, ಅದು ಸಾಮಾನ್ಯವಾಗಿ ಮೊದಲನೆಯದೇ. ಮೇಲ್ಮುಖದಲ್ಲಿ ಬಿರುಕು ಕಂಡರೆ ಈಗ ನಾನು ಗಾಬರಿಯಾಗುವುದಿಲ್ಲ. ಕೆಳಮುಖ ಪೂರ್ತಿ ಕಟ್ಟುವವರೆಗೆ ಅದನ್ನು ಮುಟ್ಟದೆ ಬಿಟ್ಟು, ಆಮೇಲೆ ಅಷ್ಟಗಲ ಜಾಗಕ್ಕೆ ಮಾತ್ರ ನಿಯಮ ಮುರಿದು ತವಾಕ್ಕೆ ತುಪ್ಪ ಬಿಟ್ಟು, ಬಿರುಕು ಸರಿಯಾಗಿ ಆ ತುಪ್ಪದ ಮೇಲೆ ಬೀಳುವಂತೆ ಮಗುಚುತ್ತೇನೆ. ಇಣುಕಿದ ಹೂರಣ ತವಾಕ್ಕೆ ಹತ್ತುವ ಬದಲು ಹುರಿದು, ಕೆಂಪು ಹಕ್ಕಳೆಯಾಗಿ ಬಾಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ನಂತರ ತವಾವನ್ನು ಒಣಬಟ್ಟೆಯಿಂದ ಒರೆಸದೆ ಎರಡನೆಯದನ್ನು ಹಾಕಬಾರದು, ಉಳಿದ ಚೂರುಗಳು ಸೀದು ಅದಕ್ಕೂ ಅಂಟುತ್ತವೆ. ಒಡೆದದ್ದು ನನ್ನ ತಟ್ಟೆಗೆಂದು ಮೊದಲಿನಿಂದಲೂ ಮನೆಯಲ್ಲಿ ರೂಢಿ. ಕಳೆದ ಕೆಲವು ಭಾನುವಾರಗಳಿಂದ ಮಗಳು ಒಲೆಯ ಹತ್ತಿರ ಬಂದು, ಆ ಕೆಂಪು ಹಕ್ಕಳೆಯನ್ನು ಮುರಿದುಕೊಂಡು, ಉಳಿದದ್ದನ್ನು ನನಗೆ ಬಿಟ್ಟು ಹೋಗುತ್ತಿದ್ದಾಳೆ.