ಪುಸ್ತಕದ ಬೆನ್ನು, ಬೆನ್ನುಡಿ: ನಾನು ಕಳಿಸಿದ್ದ ಮೆಸೇಜಿಗೆ ಸ್ಪಷ್ಟನೆ

“ಪುಸ್ತಕದ ಬೆನ್ನು ತೆಳುವಾಗಿದ್ದರೆ ಕನ್ನಡ ಅಕ್ಷರಗಳನ್ನು ಒಂದರ ಕೆಳಗೊಂದು ಜೋಡಿಸಿ. ಬೆನ್ನುಡಿ 250 ಪದ ಇರಲೇಬೇಕು.”

ಇದು ತಪ್ಪು. ಮೊನ್ನೆ ಬೆಂಗಳೂರಿನ ಪ್ರಕಾಶಕ ಗೆಳೆಯರಿಗೆ ನಾನೇ ಇದನ್ನು ಕಳಿಸಿದ್ದೆ, ಕ್ಷಮಿಸಿ.

ಹೆಸರನ್ನು ಇಡೀ ಸಾಲಾಗಿಯೇ ತಿರುಗಿಸಿ, ಮೇಲಿನಿಂದ ಕೆಳಕ್ಕೆ ಓದುವಂತೆ. ಆಗ ಮುಖಪುಟ ಮೇಲಾಗಿ ಪುಸ್ತಕ ಮಲಗಿಸಿದರೂ ಹೆಸರು ನೆಟ್ಟಗೆ ಕಾಣುತ್ತದೆ. ಅವೆನ್ಯೂ ರಸ್ತೆಯಲ್ಲಿ ಪುಸ್ತಕ ಪೇರಿಸಿಡುವುದೇ ಹಾಗೆ, ಅಲ್ವಾ? ಅಕ್ಷರ ಪೇರಿಸಿದರೆ ಒತ್ತಕ್ಷರ ಕೈಕೊಡುತ್ತದೆ. ‘ಅಕ್ಕನ ಮನೆ’ ಎಂದು ಜೋಡಿಸಿ ನೋಡಿದೆ. ‘ಕ್ಕ’ದ ಒತ್ತು ಕೆಳಗಿನ ‘ನ’ದ ತಲೆಗೆ ಅಂಟಿಕೊಂಡು, ಯಾವುದು ಯಾರದ್ದೋ ಗೊತ್ತಾಗಲಿಲ್ಲ.

ಲೆಕ್ಕ ಹೀಗಿದೆ. 160 ಪುಟ ಅಂದರೆ 80 ಹಾಳೆ. ಹಾಳೆ 0.1 ಮಿ.ಮೀ. ದಪ್ಪ ಇದ್ದರೆ ಬೆನ್ನು 8 ಮಿ.ಮೀ. ಮಡಿಕೆ ಸ್ವಲ್ಪ ಜರುಗುವುದು ಮಾಮೂಲು, ಹಾಗಾಗಿ ಎರಡೂ ಕಡೆ 1.5 ಮಿ.ಮೀ. ಬಿಡಿ. ಉಳಿದ 5 ಮಿ.ಮೀ.ಯಲ್ಲಿ ಗುಡಿಸು, ಒತ್ತು ಎಲ್ಲವೂ ಹಿಡಿಯಬೇಕು. ತೆಳ್ಳಗಿನ ಗೆರೆಯ ಅಕ್ಷರ ಬೇಡ. ನಿಜ ಅಳತೆಯಲ್ಲಿ ಪ್ರಿಂಟ್ ತೆಗೆದು ಹಳೇ ಪುಸ್ತಕಕ್ಕೆ ಅಂಟಿಸಿ, ಕಪಾಟಿನಲ್ಲಿಟ್ಟು ನಾಲ್ಕು ಹೆಜ್ಜೆ ಹಿಂದೆ ನಿಂತು ಓದಿ. ತಲೆ ಓರೆ ಮಾಡಿಯೂ ಓದಲಾಗದಿದ್ದರೆ ಹೆಸರು ಚಿಕ್ಕದಾಗಿದೆ, ಇಲ್ಲವೇ ಬಣ್ಣ ಮಂಕಾಗಿದೆ.

ಬೆನ್ನುಡಿಗೆ 250 ಎಂಬ ನಿಯಮವೇನೂ ಇಲ್ಲ. ಡೆಮಿ ಅಳತೆಗೆ ನಾನು 80-100 ಪದ ಇಡುತ್ತೇನೆ. ಜಾಸ್ತಿಯಾದರೆ ಸಾಲು ಬಿಗಿಯಾಗಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ.

ಹಳೇ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ.