ಕಾರ್ಡ್ ಸ್ವಲ್ಪ ಓರೆ ಮಾಡಿ ಸರ್

ಖಾತೆ ತೆರೆಯಲು ಬ್ಯಾಂಕಿಗೆ ಹೋಗಬೇಕಿಲ್ಲ, ವಿಡಿಯೊ ಕಾಲ್ ಸಾಕು ಎಂದರು. ಸರಿ ಅಂತ ಫೋನ್ ಹಿಡಿದು ಕೂತೆ.

"ಸರ್, ಗುರುತಿನ ಚೀಟಿ ತೋರಿಸಿ" ಎಂದರು ಅಧಿಕಾರಿ. ತೋರಿಸಿದೆ. ನನ್ನ ಪರದೆಯಲ್ಲಿ ಹೆಸರು ಹಿಂದುಮುಂದಾಗಿತ್ತು. ತಿರುಗಿಸಿದೆ. "ಅದು ಹಿಂಭಾಗ ಸರ್." ಬುಡಮೇಲು ಮಾಡಿದೆ. ಆಕೆ ತಾಳ್ಮೆಯಿಂದ, "ನಿಮಗೆ ಮಾತ್ರ ಕನ್ನಡಿ ಥರ ಕಾಣೋದು ಸರ್, ನನಗೆ ಮೊದಲೇ ಸರಿಯಾಗಿತ್ತು" ಎಂದರು. ಮೊದಲೇ ಹೇಳಬಾರದಿತ್ತಾ?

ಆಮೇಲೆ ಬೆಳಕಿನ ಕಾಟ. ತಲೆ ಮೇಲಿನ ದೀಪ ಕಾರ್ಡಿನ ಪ್ಲಾಸ್ಟಿಕ್‌ಗೆ ಹೊಡೆದು, ನಂಬರಿನ ನಡುವಿನ ಮೂರು ಅಂಕಿ ಬಿಳಿ ಚುಕ್ಕೆಯಾಗಿತ್ತು. ಹತ್ತಿರ ಹಿಡಿದರೆ ಎಲ್ಲವೂ ಮಸುಕು. ಮುಂದಿನ ಕ್ಯಾಮೆರಾ ಇರೋದು ಮುಖಕ್ಕೆ, ತೀರಾ ಹತ್ತಿರದ ಅಕ್ಷರ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಕೊನೆಗೆ ದೀಪ ಆರಿಸಿ, ಕಿಟಕಿಗೆ ಮುಖ ಮಾಡಿ ಕೂತು, ಹಿಂದಿನ ಕ್ಯಾಮೆರಾಗೆ ಬದಲಾಯಿಸಿದ ಮೇಲೆ ನಂಬರ್ ಸಿಕ್ಕಿತು.

ಅಲುಗಾಡದೆ ಹಿಡಿಯೋದನ್ನು ಕಲಿತೆ ಅನ್ನುವಷ್ಟರಲ್ಲಿ, "ಈಗ ಸ್ವಲ್ಪ ಓರೆ ಮಾಡಿ ಸರ್." ಕಾರ್ಡಿನ ಮೇಲಿನ ಹೊಲೊಗ್ರಾಮ್ ಓರೆ ಮಾಡಿದಾಗ ಬಣ್ಣ ಬದಲಿಸುತ್ತದೆ. ಝೆರಾಕ್ಸ್ ಪ್ರತಿ ಎಷ್ಟು ಓರೆ ಮಾಡಿದರೂ ಹಾಗೇ ಇರುತ್ತದೆ. ಅವರು ನೋಡುವುದು ಆ ಮಿನುಗನ್ನೇ. ಅಲ್ಲಿಯವರೆಗೆ ನಾನು ಓಡಿಸಲು ಹೆಣಗಿದ್ದೂ ಮಿನುಗನ್ನೇ.

ಮುಂದೆ, ಎದುರಿರುವವನು ನಿಜವಾಗಿ ಜೀವಂತ ಮನುಷ್ಯನೋ ಎಂಬ ಪರೀಕ್ಷೆ. ಪರದೆಯಲ್ಲಿ ಬಂದ ನಾಲ್ಕು ಅಂಕಿ ಜೋರಾಗಿ ಓದಿದೆ. "ಮುಖದ ಮುಂದೆ ಕೈ ಆಡಿಸಿ ಸರ್" ಎಂದರು. ಕೆಲಸ ಮುಗಿಯಿತು ಅಂದುಕೊಂಡು ಟಾಟಾ ಮಾಡಿ ಕಾಲ್ ಕಟ್ ಮಾಡಿದೆ.

ಮತ್ತೆ ಸರದಿ, ಬೇರೆ ಅಧಿಕಾರಿ, ಎಲ್ಲ ಮೊದಲಿಂದ. ಅಂಕಿಗಳೂ ಬೇರೆ. ಪ್ರತಿ ಸಲವೂ ಹೊಸದು ಕೊಟ್ಟರೆ ಮೊದಲೇ ರೆಕಾರ್ಡ್ ಮಾಡಿದ ವಿಡಿಯೊ ಓಡಿಸಲು ಆಗುವುದಿಲ್ಲವಲ್ಲ. ಕೈ ಆಡಿಸುವುದು ಟಾಟಾ ಅಲ್ಲ ಎಂದೂ ಆಗ ತಿಳಿಯಿತು. ಕಂಪ್ಯೂಟರಿನಲ್ಲಿ ಬೇರೆಯವರ ಮುಖ ಅಂಟಿಸಿಕೊಂಡು ಕೂತಿದ್ದರೆ, ಬೆರಳು ಅಡ್ಡ ಬಂದಾಗ ಆ ಮುಖದ ಅಂಚು ಒಡೆದು ಕಾಣಬಹುದಂತೆ. ನನ್ನದು ಒಡೆಯಲಿಲ್ಲ. ನನ್ನ ಮುಖ ನನ್ನದೇ ಎಂದು ಖಾತ್ರಿಯಾಯಿತು.

"ಹುಟ್ಟಿದ ದಿನಾಂಕ?" ಗಾಬರಿಯಲ್ಲಿ ಒಂದು ಕ್ಷಣ ತಡವರಿಸಿದೆ. ಹಿಂದಿನಿಂದ ಹೆಂಡತಿ ಥಟ್ಟನೆ ಹೇಳಿದಳು. ಅಧಿಕಾರಿಯ ಮುಖ ಗಂಭೀರವಾಯಿತು. "ಪಕ್ಕದಲ್ಲಿ ಯಾರಿದ್ದಾರೆ ಸರ್?" ಯಾರೋ ಹೇಳಿಕೊಡುತ್ತಿದ್ದಾರೆ ಅಂದರೆ ಒತ್ತಾಯದಿಂದಲೋ ಮೋಸದಿಂದಲೋ ಖಾತೆ ತೆರೆಸುತ್ತಿರಬಹುದು ಎಂಬ ಅನುಮಾನ. ಕಾಲ್ ಅಲ್ಲಿಗೇ ಮುಗಿಯಿತು. "ಉಪಕಾರ ಮಾಡಿದರೂ ತಪ್ಪಾ?" ಎಂದು ಅವಳು ಸಿಟ್ಟಾದಳು.

ಮೂರನೇ ಸಲ ಬಾಗಿಲು ಹಾಕಿಕೊಂಡು ಕೂತೆ. ಎಲ್ಲ ಸರಿಹೋಯಿತು. "ಖಾತೆ ಆಯ್ತಾ?" ಎಂದೆ.

"ಇನ್ನೂ ಇಲ್ಲ ಸರ್. ಇನ್ನೊಬ್ಬ ಅಧಿಕಾರಿ ರೆಕಾರ್ಡಿಂಗ್ ನೋಡಿ ಒಪ್ಪಬೇಕು."

"ಮೂರೂ ನೋಡ್ತಾರಾ?"

"ಯಾಕೆ ಸರ್?"

"ಸುಮ್ನೆ ಕೇಳಿದೆ."